ಎಣ್ಣೆ ನಮ್ಮದು, ಹಾಡು ಯಾರದು?

ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವವರಿಗೆ ದಾರಿಯಲ್ಲಿ ಮಿಡಿಗೇಶಿಯ ಬೆಟ್ಟವೂ ಅದರ ನೆತ್ತಿಯ ಹಳೆಯ ಕೋಟೆಯೂ ಕಾಣುತ್ತವೆ. ಆ ಊರಿನಲ್ಲಿ ನನ್ನ ಸೋದರಳಿಯನೊಬ್ಬ ಮರದ ಗಾಣವಿಟ್ಟುಕೊಂಡಿದ್ದಾನೆ. ಸುತ್ತಿನ ಹಳ್ಳಿಗಳ ಕಡಲೆಕಾಯಿ ಕೊಂಡು, ಎಣ್ಣೆ ತೆಗೆದು, ಬೆಂಗಳೂರಿನ ಮನೆಗಳಿಗೆ ಕಳುಹಿಸುವುದು ಅವನ ಉದ್ಯೋಗ. ಗಿರಾಕಿಗಳು ದೂರದಲ್ಲಿರುವುದರಿಂದ ಅವನ ಅಂಗಡಿಯ ನಾಮಫಲಕವೆಂದರೆ ಮೊಬೈಲಿನ ಪರದೆಯೇ. ಒಂದು ಯುಗಾದಿಗೆ ಅವನು ನಲವತ್ತು ಸೆಕೆಂಡುಗಳ ಒಂದು ವಿಡಿಯೊ ಮಾಡಿ ಸಾಮಾಜಿಕ ಜಾಲತಾಣದಲ್ಲಿ ಹಾಕಿದ. ಮೊದಲಿಗೆ ಮುಂಜಾನೆಯ ಮಂಜಿನಲ್ಲಿ ಮಿಡಿಗೇಶಿ ಕೋಟೆಯ ಚಿತ್ರ, ಅದರ ಮೇಲೆ ಬಳ್ಳಿಯಂತೆ ಸುತ್ತಿಕೊಂಡ ಅಕ್ಷರಗಳಲ್ಲಿ ಗಾಣದ ಹೆಸರು, ಹಿನ್ನೆಲೆಯಲ್ಲಿ ಎಲ್ಲರ ಬಾಯಲ್ಲಿರುವ ಒಂದು ಚಲನಚಿತ್ರಗೀತೆ. ನೋಡಿದವರೆಲ್ಲ ಮೆಚ್ಚಿದರು. ನಾನೂ ಮೆಚ್ಚಿ ನಾಲ್ಕು ಜನಕ್ಕೆ ಕಳುಹಿಸಿದೆ.

ಎರಡು ತಿಂಗಳ ನಂತರ ಆ ವಿಡಿಯೊದ ಧ್ವನಿ ಇದ್ದಕ್ಕಿದ್ದಂತೆ ಅಡಗಿತು. ಅದಾದ ಕೆಲವೇ ದಿನಗಳಲ್ಲಿ ಒಂದು ಇಮೇಲ್ ಬಂತು. ಕೋಟೆಯ ಛಾಯಾಚಿತ್ರ ತಮ್ಮ ಸಂಗ್ರಹದ್ದೆಂದೂ, ಪರವಾನಗಿಯಿಲ್ಲದೆ ವ್ಯಾಪಾರಕ್ಕೆ ಬಳಸಿದ್ದಕ್ಕಾಗಿ ಇಪ್ಪತ್ತೆಂಟು ಸಾವಿರ ರೂಪಾಯಿ ಪಾವತಿಸಬೇಕೆಂದೂ ಒಂದು ಚಿತ್ರಸಂಸ್ಥೆ ಬರೆದಿತ್ತು. ಹುಡುಗ ಆ ಕಾಗದವನ್ನು ಮುದ್ರಿಸಿಕೊಂಡು ಬೆಂಗಳೂರಿಗೆ ಬಂದ. ಮೂವತ್ತು ವರ್ಷ ಸರ್ಕಾರಿ ಕಡತ ನೋಡಿದವನಿಗೆ ಎಲ್ಲ ಕಾನೂನೂ ತಿಳಿದಿರುತ್ತದೆ ಎಂಬುದು ನೆಂಟರ ನಂಬಿಕೆ. “ಮಾಮ, ನೆಟ್‌ನಲ್ಲಿ ಸುಮ್ಮನೆ ಸಿಕ್ಕಿದ ಫೋಟೊ. ಯಾರೂ ದುಡ್ಡು ಕೇಳಿರಲಿಲ್ಲ. ಹಾಡನ್ನಂತೂ ಆ್ಯಪ್‌ನವರೇ ಕೊಟ್ಟಿದ್ದರು. ಇದು ಮೋಸ ಅಲ್ಲವೇ?” ಎಂದು ಕೇಳಿದ. ನನಗೂ ಮೊದಲು ಹಾಗೆಯೇ ಅನ್ನಿಸಿತು. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಬಿಚ್ಚಿ ಕುಳಿತ ಮೇಲೆ ಅಭಿಪ್ರಾಯ ಬದಲಾಯಿತು.

ಆ ಕಾಯ್ದೆಯನ್ನು ಓದುವಾಗ ನನ್ನ ಗಮನ ಸೆಳೆದದ್ದು ಒಂದು ಗೆರೆ. ಮನೆಗೂ ಅಂಗಡಿಗೂ ನಡುವೆ ಕಾನೂನು ಎಳೆದಿರುವ ಗೆರೆ ಅದು. 52ನೆಯ ಪ್ರಕರಣವು ಯಾವ ಬಳಕೆಗಳು ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ಅಲ್ಲಿ ‘ಖಾಸಗಿ ಅಥವಾ ವೈಯಕ್ತಿಕ ಉಪಯೋಗ’ಕ್ಕೆ ನ್ಯಾಯವಾದ ಬಳಕೆಯ ವಿನಾಯಿತಿಯಿದೆ. ಮದುವೆಯ ಮೆರವಣಿಗೆಯಲ್ಲಿ ಹಾಡು ನುಡಿಸಿದರೆ ತಪ್ಪಿಲ್ಲವೆಂಬುದೂ ಅದೇ ಪ್ರಕರಣದಲ್ಲಿದೆ. ಆದರೆ ಮದುವೆಯಲ್ಲಿ ನುಡಿಸಬಹುದಾದ ಹಾಡನ್ನು ಎಣ್ಣೆ ಮಾರಲು ಬಳಸಬಹುದೆಂದು ಎಲ್ಲಿಯೂ ಹೇಳಿಲ್ಲ. ಶಿಕ್ಷೆಯನ್ನು ವಿಧಿಸುವ 63ನೆಯ ಪ್ರಕರಣದಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ತಿಳಿದೂ ಉಲ್ಲಂಘಿಸಿದವರಿಗೆ ಕನಿಷ್ಠ ಆರು ತಿಂಗಳಿಂದ ಗರಿಷ್ಠ ಮೂರು ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಕನಿಷ್ಠ ಮಿತಿಗಿಂತ ಕಡಿಮೆ ಶಿಕ್ಷೆ ಕೊಡುವ ಅವಕಾಶ ನ್ಯಾಯಾಧೀಶರಿಗೆ ಉಂಟು; ಆದರೆ ಅದು ಉಲ್ಲಂಘನೆ ವ್ಯಾಪಾರದ ಲಾಭಕ್ಕಾಗಿ ನಡೆದಿರದಿದ್ದಾಗ ಮಾತ್ರ. ಈ ಅಪರಾಧದಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸಣ್ಣ ವ್ಯಾಪಾರಿಗೆ ಸಾಮಾನ್ಯವಾಗಿ ಮೊದಲು ಎದುರಾಗುವುದು ಪೊಲೀಸರಲ್ಲ, ಅಡಗಿದ ಧ್ವನಿ ಅಥವಾ ಹಣ ಕೇಳುವ ಇಮೇಲ್. ಆದರೂ ಆ ಇಮೇಲಿನ ಬೆನ್ನಿಗೆ ಇರುವ ಕಾನೂನು ಇದು.

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಕರಣವನ್ನು ಇಲ್ಲಿ ನೆನೆಯಬೇಕು. 2022ರ ಭಾರತ್ ಜೋಡೊ ಯಾತ್ರೆಯ ಪ್ರಚಾರದ ವಿಡಿಯೊಗಳಲ್ಲಿ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಹಾಡನ್ನು ತನ್ನ ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರು ಕೊಟ್ಟಿತು. ಆ ವರ್ಷದ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್, ವಿವಾದಿತ ವಿಡಿಯೊಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ, ಆ ಆದೇಶವನ್ನು ರದ್ದುಪಡಿಸಿತು. ವಿವಾದವಿದ್ದದ್ದು ಸುಮಾರು 45 ಸೆಕೆಂಡುಗಳ ತುಣುಕಿನ ಬಗ್ಗೆ ಎಂದು ಪಕ್ಷದ ಪರ ವಕೀಲರು ವಾದಿಸಿದ್ದರು. ಆದರೂ ಕ್ರಿಮಿನಲ್ ಪ್ರಕರಣವನ್ನು ರದ್ದುಪಡಿಸಲು ಹೈಕೋರ್ಟ್ 2023ರ ಜೂನ್‌ನಲ್ಲಿ ನಿರಾಕರಿಸಿತು. ಪಕ್ಷ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿ ಯಾವ ಸರಕೂ ಮಾರಾಟವಾಗುತ್ತಿರಲಿಲ್ಲ, ಹಾಡು ಒಂದು ನಿಮಿಷವೂ ಇರಲಿಲ್ಲ, ಆದರೂ ಇಷ್ಟಾಯಿತು. ‘ಮೂವತ್ತು ಸೆಕೆಂಡಿನ ಒಳಗಿದ್ದರೆ ಅಡ್ಡಿಯಿಲ್ಲ’ ಎಂದು ವಿಡಿಯೊ ಮಾಡಿಕೊಡುವ ಹುಡುಗರು ಧೈರ್ಯ ಹೇಳುತ್ತಾರಷ್ಟೆ. ಅಂಥ ಸೆಕೆಂಡಿನ ಲೆಕ್ಕ ನಮ್ಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಅಳಿಯನ ವಿಡಿಯೊವನ್ನು ನಾವಿಬ್ಬರೂ ಭಾಗ ಭಾಗವಾಗಿ ಬಿಡಿಸಿ ನೋಡಿದೆವು. ಮೊದಲು ಹಾಡು. ಕೇಳುವವನಿಗೆ ಹಾಡು ಒಂದೇ. ಕಾನೂನಿನ ಕಣ್ಣಿಗೆ ಅದು ಮೂರು. ಸಾಹಿತ್ಯಕ್ಕೆ ಒಂದು ಹಕ್ಕು, ರಾಗಸಂಯೋಜನೆಗೆ ಇನ್ನೊಂದು, ಅದನ್ನು ಹಾಡಿಸಿ ಮುದ್ರಿಸಿಕೊಂಡ ಧ್ವನಿಮುದ್ರಣಕ್ಕೆ ಮತ್ತೊಂದು. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಚಿ. ಉದಯಶಂಕರ್ 1993ರಲ್ಲಿ ತೀರಿಕೊಂಡರು; ಅವರ ಗೀತಸಾಹಿತ್ಯದ ಹಕ್ಕು 2053ರ ಕೊನೆಯವರೆಗೆ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕಿನ ಅವಧಿ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ ‘ಹಳೆಯ ಹಾಡು’ ಎಂಬ ಮಾತಿಗೆ ಬೆಲೆಯಿಲ್ಲ. ಎಷ್ಟು ಹಳೆಯದು, ಅದರ ಯಾವ ಭಾಗ ಹಳೆಯದು ಎಂದು ಕೇಳಬೇಕು.

ಇಲ್ಲಿ ಅನೇಕರು ಎಡವುವುದು ದೇವರನಾಮಗಳ ವಿಷಯದಲ್ಲಿ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಸೀರೆ ಅಂಗಡಿಯಿಂದ ಚಿನ್ನದಂಗಡಿಯವರೆಗೆ ಎಲ್ಲರಿಗೂ ಲಕ್ಷ್ಮಿಯನ್ನು ಮನೆಗೆ ಕರೆಯುವ ಕೀರ್ತನೆ ಬೇಕು. ಪುರಂದರದಾಸರ ಸಾಹಿತ್ಯಕ್ಕೆ ಇಂದು ಯಾರೂ ಹಕ್ಕುದಾರರಲ್ಲ. ಯಾರು ಬೇಕಾದರೂ ಹಾಡಬಹುದು. ಆದರೆ ಹೆಸರಾಂತ ಗಾಯಕರೊಬ್ಬರು ಅದನ್ನು ಹಾಡಿದ ಧ್ವನಿಮುದ್ರಣ, ಅವಧಿ ಮುಗಿಯುವವರೆಗೆ, ಅದನ್ನು ಹೊರತಂದ ಸಂಸ್ಥೆಯ ಸೊತ್ತು. ದಾಸರ ಕೀರ್ತನೆ ಬಾವಿಯ ನೀರಿದ್ದಂತೆ, ಎಲ್ಲರಿಗೂ ಸೇರಿದ್ದು. ಗಾಯಕರ ಧ್ವನಿಮುದ್ರಣ ಬೇರೊಬ್ಬರು ಸೇದಿ ತುಂಬಿಟ್ಟ ಕೊಡ. ಬಾವಿ ಸಾರ್ವಜನಿಕವೆಂದು ಅವರ ಕೊಡವನ್ನು ಎತ್ತಿಕೊಂಡು ಬರಲಾಗದು.

“ಆ್ಯಪ್‌ನವರೇ ಕೊಟ್ಟ ಹಾಡಲ್ಲವೇ?” ಎಂಬ ಅಳಿಯನ ಪ್ರಶ್ನೆಗೂ ಉತ್ತರ ಅದೇ ಗೆರೆಯಲ್ಲಿತ್ತು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಸಂಗೀತ ನಿಯಮಗಳನ್ನು ತೆಗೆದು ಓದಿದರೆ, ವಾಣಿಜ್ಯ ಅಥವಾ ವೈಯಕ್ತಿಕವಲ್ಲದ ಉದ್ದೇಶಕ್ಕೆ ಸಂಗೀತ ಬಳಸಬೇಕಾದರೆ ಅದಕ್ಕೆ ತಕ್ಕ ಪರವಾನಗಿಯನ್ನು ಬಳಕೆದಾರರೇ ಪಡೆದಿರಬೇಕೆಂದು ಬರೆದಿದೆ. ಜಾಲತಾಣದವರು ಧ್ವನಿಸಂಸ್ಥೆಗಳೊಂದಿಗೆ ಮಾಡಿಕೊಂಡ ಒಪ್ಪಂದ ಹುಟ್ಟುಹಬ್ಬದ ವಿಡಿಯೊ ಹಾಕುವವರಿಗಾಗಿ, ಎಣ್ಣೆ ಮಾರುವವರಿಗಾಗಿ ಅಲ್ಲ. ಅಳಿಯ ತನ್ನ ಖಾತೆಯನ್ನು ‘ವೈಯಕ್ತಿಕ’ ಎಂದೇ ಇಟ್ಟುಕೊಂಡಿದ್ದರಿಂದ ಹಾಡುಗಳ ಪಟ್ಟಿ ಪೂರ್ತಿಯಾಗಿ ಕಂಡಿತ್ತು. ವ್ಯಾಪಾರದ ಖಾತೆಗೆ ಬದಲಾಯಿಸಿದ ಕೂಡಲೇ ಸಿನಿಮಾ ಹಾಡುಗಳು ಮಾಯವಾಗಿ, ವಾಣಿಜ್ಯ ಬಳಕೆಗೆ ಮುಕ್ತವಾದ ಬೇರೊಂದು ಸಂಗ್ರಹ ಕಾಣಿಸಿಕೊಂಡಿತು. ಪಟ್ಟಿ ಚಿಕ್ಕದಾದದ್ದು ದೋಷವಲ್ಲ, ಎಚ್ಚರಿಕೆ. ಹೆಚ್ಚು ಹಾಡು ಸಿಗಲೆಂದು ಅಂಗಡಿಯನ್ನು ವೈಯಕ್ತಿಕ ಖಾತೆಯಲ್ಲಿ ನಡೆಸಿದರೆ ಹಾಡು ಕಾಣಿಸುತ್ತದೆಯೇ ಹೊರತು ಹಕ್ಕು ಬರುವುದಿಲ್ಲ.

ಎರಡನೆಯದು ಅಕ್ಷರ. ಇಲ್ಲಿ ಕಾನೂನು ತುಸು ವಿಚಿತ್ರವಾಗಿದೆ. ಅಕ್ಷರಗಳ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲವೆಂದು ಕೃತಿಸ್ವಾಮ್ಯ ಮಂಡಳಿ 2002ರಲ್ಲಿ ತೀರ್ಮಾನಿಸಿತ್ತು. ಆದರೆ ಇಂದು ನಾವು ಬಳಸುವ ಫಾಂಟ್ ಬರಿಯ ಆಕಾರವಲ್ಲ, ಅದು ಒಂದು ಕಂಪ್ಯೂಟರ್ ತಂತ್ರಾಂಶದ ಕಡತ. ಕಂಪ್ಯೂಟರ್ ಪ್ರೋಗ್ರಾಂ ನಮ್ಮ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ತೊಡಕು ಬರುವುದು ಭಿತ್ತಿಪತ್ರದ ಮೇಲೆ ಮೂಡಿದ ‘ಕ’ ಅಕ್ಷರದಿಂದಲ್ಲ. ಪರವಾನಗಿಯಿಲ್ಲದ ಕಡತವನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡದ್ದರಿಂದ ಮತ್ತು ಅದರ ಷರತ್ತನ್ನು ಮೀರಿದ್ದರಿಂದ. ಅಳಿಯ ಆ ಬಳ್ಳಿಯ ಅಕ್ಷರಗಳನ್ನು ‘ಉಚಿತ’ ಎಂದು ಬರೆದಿದ್ದ ಒಂದು ಜಾಲತಾಣದಿಂದ ಇಳಿಸಿಕೊಂಡಿದ್ದ. ಕಡತದ ಜೊತೆಗಿದ್ದ ಟಿಪ್ಪಣಿಯನ್ನು ತೆರೆದು ನೋಡಿದರೆ, ವೈಯಕ್ತಿಕ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕಾದರೆ ಹಣ ಕೊಡಬೇಕು ಎಂದಿತ್ತು. ಮತ್ತೆ ಅದೇ ಗೆರೆ. ಆ ಟಿಪ್ಪಣಿಯನ್ನು ಅವನು ತೆರೆದೇ ಇರಲಿಲ್ಲ.

ಸಮಾಧಾನದ ಸಂಗತಿಯೆಂದರೆ, ಈ ಮೂರರಲ್ಲಿ ಕನ್ನಡಿಗರಿಗೆ ಅತಿ ಸುಲಭವಾಗಿ ಬಗೆಹರಿಯುವುದು ಫಾಂಟಿನ ಪ್ರಶ್ನೆಯೇ. ನಾನು ನೌಕರಿಯಲ್ಲಿದ್ದಾಗ ಕನ್ನಡದ ಅಕ್ಷರವೆಂದರೆ ಸರ್ಕಾರಿ ಕಚೇರಿಯಲ್ಲಿ ನುಡಿ, ಡಿಟಿಪಿ ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳಬೇಕಾದ ಶ್ರೀಲಿಪಿ. ಇಂದು ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಮೊದಲಾದ ಫಾಂಟ್‌ಗಳು ‘ಓಪನ್ ಫಾಂಟ್ ಲೈಸೆನ್ಸ್’ ಎಂಬ ಮುಕ್ತ ಪರವಾನಗಿಯಡಿ ಗೂಗಲ್ ಫಾಂಟ್ಸ್‌ನಲ್ಲಿ ದೊರೆಯುತ್ತವೆ. ಆ ಪರವಾನಗಿಯು ವ್ಯಾಪಾರದ ಜಾಹೀರಾತು, ಸೀಸೆಯ ಮೇಲಿನ ಚೀಟಿ, ವಿಡಿಯೊ ಎಲ್ಲಕ್ಕೂ ಅವಕಾಶ ಕೊಡುತ್ತದೆ. ಫಾಂಟನ್ನು ಮಾತ್ರ ಪ್ರತ್ಯೇಕ ಸರಕಾಗಿ ಮಾರುವಂತಿಲ್ಲ. ಗುರುತಿಸುವುದೂ ಕಷ್ಟವಲ್ಲ. ಇಳಿಸಿಕೊಂಡ ಕಡತಗಳ ನಡುವೆ OFL.txt ಎಂಬ ಹೆಸರಿನದೊಂದು ಇರುತ್ತದೆ. ಅದನ್ನು ಅಳಿಸದೆ ಫಾಂಟಿನ ಜೊತೆಗೇ ಇಟ್ಟುಕೊಂಡರೆ, ನಾಳೆ ಯಾರಾದರೂ ಕೇಳಿದಾಗ ತೋರಿಸಲು ಅದೇ ರಸೀದಿ.

ಮೂರನೆಯದು, ಇಪ್ಪತ್ತೆಂಟು ಸಾವಿರದ ಚಿತ್ರ. “ಕೋಟೆ ನಮ್ಮೂರದು ಮಾಮ, ಅದರ ಚಿತ್ರಕ್ಕೆ ಅವರಿಗೆ ಯಾಕೆ ದುಡ್ಡು?” ಎಂಬುದು ಅಳಿಯನ ಮುಖ್ಯ ತಕರಾರು. ಕೋಟೆ ಊರಿನದೆಂಬುದು ನಿಜ. ಅದರ ಚಿತ್ರ ತೆಗೆಯಲು ಕೃತಿಸ್ವಾಮ್ಯದ ಅಡ್ಡಿ ಯಾರಿಗೂ ಇಲ್ಲ. ಆದರೆ ಒಬ್ಬ ಛಾಯಾಗ್ರಾಹಕ ಚುಮುಚುಮು ನಸುಕಿನಲ್ಲಿ ಕಾದು ನಿಂತು ತೆಗೆದ ಚಿತ್ರ ಅವನದು. ಅದೇ ಜಾಗದಲ್ಲಿ ನಿಂತು ಅಳಿಯ ತೆಗೆದರೆ ಅದು ಅಳಿಯನದು. ಕಾಯ್ದೆ ಕಾಪಾಡುವುದು ಬೆಟ್ಟವನ್ನಲ್ಲ, ಬೆಟ್ಟವನ್ನು ನೋಡಿದ ಆ ಒಂದು ನೋಟವನ್ನು. ನಾನು ಓದಿದ ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅಂಥ ಚಿತ್ರದ ಮೊದಲ ಪ್ರತಿಗೆ ಎಲ್ಲ ಖರ್ಚೂ ಬೀಳುತ್ತದೆ, ಎರಡನೆಯದಕ್ಕೆ ಏನೂ ಬೀಳುವುದಿಲ್ಲ. ಎರಡನೆಯದು ಪುಕ್ಕಟೆಯಾಗಿ ಕಾಣುವುದರಿಂದಲೇ ಮೊದಲನೆಯದಕ್ಕೆ ತಗುಲಿದ ಖರ್ಚು ನಮಗೆ ಮರೆತುಹೋಗುತ್ತದೆ.

ಸಿದ್ಧಚಿತ್ರಗಳನ್ನು ಒದಗಿಸುವ ಸಂಸ್ಥೆಗಳ ಭಾಷೆಯಲ್ಲಿಯೂ ಒಂದೆರಡು ಬಲೆಗಳಿವೆ. ‘ರಾಯಲ್ಟಿ ಫ್ರೀ’ ಎಂದರೆ ಪುಕ್ಕಟೆಯೆಂದಲ್ಲ. ಒಮ್ಮೆ ಹಣ ಕೊಟ್ಟು ಕೊಂಡ ಮೇಲೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಎಂದಷ್ಟೇ. ‘ಎಡಿಟೋರಿಯಲ್’ ಎಂದು ನಮೂದಿಸಿದ ಚಿತ್ರವನ್ನು ಸುದ್ದಿ, ಲೇಖನಗಳಿಗೆ ಬಳಸಬಹುದು, ಜಾಹೀರಾತಿಗೆ ಕೂಡದು. ಅದರಲ್ಲಿರುವ ವ್ಯಕ್ತಿಗಳ ಒಪ್ಪಿಗೆ ಪಡೆದಿರುವುದಿಲ್ಲ. ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ಸಂಗ್ರಹಗಳಲ್ಲಿ ವ್ಯಾಪಾರಕ್ಕೂ ಬಳಸಬಹುದಾದ ಚಿತ್ರಗಳು ಹೇರಳವಾಗಿವೆ. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಛಾಯಾಗ್ರಾಹಕನ ಹೆಸರನ್ನೂ ಪರವಾನಗಿಯನ್ನೂ ಚಿತ್ರದ ಜೊತೆ ನಮೂದಿಸಬೇಕೆಂಬ ಷರತ್ತಿದೆ. ಆ ಒಂದು ಸಾಲನ್ನು ಬಿಟ್ಟರೆ ಉಚಿತ ಚಿತ್ರವೂ ಅನುಮತಿಯಿಲ್ಲದ ಚಿತ್ರವಾಗುತ್ತದೆ.

ಇನ್ನು ಇಮೇಲಿಗೆ ಏನು ಮಾಡಿದೆವೆಂದು ಹೇಳಬೇಕು. ಇಂಥ ಪತ್ರ ಬಂದಾಗ ಜನ ಮಾಡುವ ತಪ್ಪುಗಳು ಎರಡು: ಹೆದರಿ ಅಂದೇ ಹಣ ಕಟ್ಟುವುದು, ಇಲ್ಲವೆ ಕಸವೆಂದು ಬದಿಗೊತ್ತುವುದು. ನಾವು ಮೊದಲು ವಿಡಿಯೊವನ್ನು ತೆಗೆದೆವು. ತೆಗೆದರೆ ಹಿಂದಿನ ಬಳಕೆ ಅಳಿಸಿಹೋಗುವುದಿಲ್ಲ, ಆದರೆ ಮುಂದಿನ ಬಳಕೆಯಾದರೂ ನಿಲ್ಲುತ್ತದೆ. ಇಂಥ ಪತ್ರಗಳ ಹೆಸರಿನಲ್ಲಿ ವಂಚನೆಯೂ ನಡೆಯುವುದರಿಂದ, ಪತ್ರದಲ್ಲಿದ್ದ ಕೊಂಡಿಗಳನ್ನು ಒತ್ತಲಿಲ್ಲ. ಬದಲಿಗೆ ಚಿತ್ರದ ಮೂಲಕವೇ ಹುಡುಕಿ, ಅದು ನಿಜವಾಗಿಯೂ ಆ ಸಂಸ್ಥೆಯ ಸಂಗ್ರಹದಲ್ಲಿದೆಯೇ ಎಂದು ನೋಡಿದೆವು. ಇತ್ತು. ಅಲ್ಲಿ ಅದರ ಪರವಾನಗಿಯ ಬೆಲೆ ಎರಡು ಸಾವಿರಕ್ಕೂ ಕಡಿಮೆ ಎಂಬುದೂ ತಿಳಿಯಿತು. ನಂತರ ಮೂರು ವಿಷಯಗಳನ್ನು ಕೇಳಿ ಬರೆದೆವು: ಛಾಯಾಗ್ರಾಹಕ ಸಂಸ್ಥೆಗೆ ಹಕ್ಕು ಕೊಟ್ಟದ್ದಕ್ಕೆ ಪುರಾವೆ, ಪತ್ರ ಬರೆದವರಿಗೆ ಸಂಸ್ಥೆ ಕೊಟ್ಟ ಅಧಿಕಾರಪತ್ರ, ಮತ್ತು ಇಪ್ಪತ್ತೆಂಟು ಸಾವಿರದ ಲೆಕ್ಕ ಬಂದದ್ದು ಹೇಗೆಂಬ ವಿವರ.

ಮೊದಲೆರಡಕ್ಕೆ ಕಾಗದ ಬಂತು. ಮೂರನೆಯದಕ್ಕೆ ಬರಲಿಲ್ಲ, ಅಲ್ಲಿಂದ ಚೌಕಾಸಿ ಶುರುವಾಯಿತು. ಕಾಯ್ದೆಯ 55ನೆಯ ಪ್ರಕರಣದಲ್ಲಿ, ಕೃತಿಸ್ವಾಮ್ಯ ಇದೆಯೆಂಬುದು ತನಗೆ ತಿಳಿದಿರಲಿಲ್ಲ, ಇದೆಯೆಂದು ನಂಬಲು ಸಕಾರಣವೂ ಇರಲಿಲ್ಲ ಎಂದು ರುಜುವಾತು ಮಾಡಿದವನಿಂದ ನಷ್ಟಪರಿಹಾರ ಪಡೆಯುವಂತಿಲ್ಲ. ತಡೆಯಾಜ್ಞೆಯನ್ನೂ ಅವನು ಗಳಿಸಿದ ಲಾಭದಲ್ಲಿ ಪಾಲನ್ನೂ ಮಾತ್ರ ಪಡೆಯಬಹುದು. ಅದನ್ನು ಮುಂದಿಡಬೇಕೆಂದು ಅಳಿಯನಿಗೆ ಆಸೆ. ಚಿತ್ರದ ಮೂಲೆಯಲ್ಲಿದ್ದ ಸಂಸ್ಥೆಯ ಹೆಸರನ್ನು ಅವನೇ ಕತ್ತರಿಸಿದ್ದನ್ನು ನೆನಪಿಸಿದೆ, ಸುಮ್ಮನಾದ. ಕೊನೆಗೆ ಒಂಬತ್ತು ಸಾವಿರಕ್ಕೆ ಒಪ್ಪಂದವಾಯಿತು. ಹಿಂದಿನ ಬಳಕೆಯ ಬಗ್ಗೆ ಮುಂದೆ ಯಾವ ತಗಾದೆಯೂ ಇಲ್ಲವೆಂಬ ಬರಹ ಕೈಗೆ ಬಂದ ಮೇಲೆಯೇ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೆ ಹಣ ಹೋಯಿತು. ಎರಡು ಸಾವಿರದೊಳಗೆ ಮುಗಿಯಬೇಕಾಗಿದ್ದ ಕೆಲಸಕ್ಕೆ ಒಂಬತ್ತು ಸಾವಿರ.

ಮುಂದಿನ ಸುಗ್ಗಿಗೆ ಅಳಿಯ ಹೊಸ ವಿಡಿಯೊ ಮಾಡಿದ. ಈ ಬಾರಿ ಮಧುಗಿರಿಯ ಸ್ಟುಡಿಯೊದವರೊಬ್ಬರನ್ನು ಹಣ ಕೊಟ್ಟು ಕರೆಸಿ, ರಸ್ತೆಯ ಬದಿಯಿಂದಲೇ ಕೋಟೆಯ ಚಿತ್ರ ತೆಗೆಸಿದ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವನದೇ ಎಂದು 17ನೆಯ ಪ್ರಕರಣ ಹೇಳುತ್ತದೆ. ಆದರೂ ಬಿಲ್ಲಿನ ಮೇಲೆಯೇ ಆ ಮಾತನ್ನು ಬರೆಸಿಕೊಳ್ಳಲು ಹೇಳಿದೆ. ಅಕ್ಷರಕ್ಕೆ ಬಾಲೂ ತಮ್ಮ. ಹಾಡಿಗೆ ಊರಿನ ಹಿರಿಯ ಹೆಂಗಸೊಬ್ಬರು ತಲೆತಲಾಂತರದಿಂದ ಬಂದ ಒಂದು ಸುಗ್ಗಿಯ ಪದವನ್ನು ಗಾಣದ ಪಕ್ಕದಲ್ಲಿ ಕುಳಿತು ಹಾಡಿದರು. ಪದಕ್ಕೆ ಕರ್ತೃವಿಲ್ಲ, ಆದರೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಉಂಟು. ಕಾಯ್ದೆ ಅದನ್ನು 50 ವರ್ಷ ಕಾಪಾಡುತ್ತದೆ. ಆದ್ದರಿಂದ ಅವರಿಗೂ ಸಂಭಾವನೆ ಕೊಟ್ಟು, ಯಾವ ಜಾಹೀರಾತಿಗೆ, ಎಷ್ಟು ವರ್ಷ ಬಳಸಬಹುದೆಂದು ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೆವು.

ಆಕೆ ಸಹಿ ಮಾಡುತ್ತಾ, “ನನ್ನ ಪದಕ್ಕೂ ಕಾಗದ ಬೇಕೇನಪ್ಪ?” ಎಂದು ನಕ್ಕರು. ಬೇಕು ಎಂದೆ. ಅಳಿಯ ಈಗ ಎಣ್ಣೆಯ ಲೆಕ್ಕದ ಪುಸ್ತಕದ ಜೊತೆಗೆ ಒಂದು ತೆಳುವಾದ ಕಡತವನ್ನೂ ಇಟ್ಟಿದ್ದಾನೆ. ಅದರಲ್ಲಿ ಸ್ಟುಡಿಯೊದ ಬಿಲ್ಲು, ಫಾಂಟಿನ ಪರವಾನಗಿಯ ಪ್ರತಿ, ಆಕೆಯ ಸಹಿಯ ಹಾಳೆ, ಹೀಗೆ ಮೂರು ಕಾಗದಗಳಿವೆ. ವಿಡಿಯೊದ ಧ್ವನಿ ಇನ್ನೂ ಕೇಳಿಸುತ್ತಿದೆ.